ತೆರೆದ ಕ್ಷಣವೇ ಸುದ್ದಿ ಮುಟ್ಟಿಸುವ ಚುಕ್ಕಿ

2019ರ ಮೇ ತಿಂಗಳು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೌಕಾಪಡೆಯ ಎಡ್ವರ್ಡ್ ಗ್ಯಾಲಗರ್ ಎಂಬ ಯೋಧನ ಮೇಲೆ ಕೊಲೆ ಮೊಕದ್ದಮೆ ನಡೆಯುತ್ತಿತ್ತು. ಇರಾಕಿನಲ್ಲಿ ಸೆರೆಸಿಕ್ಕ ಉಗ್ರನೊಬ್ಬನನ್ನು ಆತ ಕೊಂದನೆಂಬುದು ಆರೋಪ. ಗ್ಯಾಲಗರ್ ಪರ ವಕೀಲರಿಗೆ ಒಂದು ದಿನ ಸರ್ಕಾರಿ ವಕೀಲರಿಂದ ಇ-ಮೇಲ್ ಬಂತು. ಒಕ್ಕಣೆ ಮಾಮೂಲಿನದೇ. ಆದರೆ ಕೆಳಗೆ ಸಹಿಯ ಜಾಗದಲ್ಲಿ ಹಿಂದೆಂದೂ ಇಲ್ಲದ ಒಂದು ಚಿತ್ರ ಇತ್ತು: ನ್ಯಾಯದ ತಕ್ಕಡಿಯ ಮೇಲೆ ಕುಳಿತ ಹದ್ದು. ಇದೇನು ಹೊಸದು ಎಂದು ವಕೀಲರಿಗೆ ಅನುಮಾನ ಬಂತು. ಕೆದಕಿ ನೋಡಿದರೆ ಆ ಚಿತ್ರದ ಬೆನ್ನಿಗೆ ಪತ್ತೆದಾರಿ ಕಟ್ಟಲಾಗಿತ್ತು.

ಮೊಕದ್ದಮೆಯ ಗುಟ್ಟಿನ ಕಾಗದಗಳು ಪತ್ರಿಕೆಗಳಿಗೆ ಸೋರಿಕೆಯಾಗುತ್ತಿದ್ದವು. ಯಾರು ಸೋರಿಸುತ್ತಿದ್ದಾರೆ ಎಂದು ಕಂಡುಹಿಡಿಯಲು ಸರ್ಕಾರಿ ವಕೀಲ ಕ್ರಿಸ್ಟೋಫರ್ ಚಾಪ್ಲಾಕ್ ಅವರ ಕಡೆಯವರು ಹೂಡಿದ ಉಪಾಯ ಅದು. ಮೇಲ್ ಅನ್ನು ಯಾರು, ಯಾವಾಗ, ಎಲ್ಲಿ ಕುಳಿತು ತೆರೆದರು ಎಂಬ ಸುದ್ದಿ ಅವರಿಗೆ ಹೋಗುವಂತೆ ಮಾಡಲಾಗಿತ್ತು. ಹದಿಮೂರು ಮಂದಿ ವಕೀಲರು ಮತ್ತು ಸಹಾಯಕರ ಜೊತೆಗೆ ‘ನೇವಿ ಟೈಮ್ಸ್’ ಪತ್ರಿಕೆಯ ಸಂಪಾದಕರೊಬ್ಬರಿಗೂ ಅಂಥ ಮೇಲ್ ಹೋಗಿತ್ತು. ವಿಷಯ ನ್ಯಾಯಾಧೀಶರ ಮುಂದೆ ಬಂದಾಗ ಸರ್ಕಾರದ ಕಡೆಯವರು, ನಾವು ಯಾರ ಪತ್ರವನ್ನೂ ಓದಿಲ್ಲ, ತೆರೆದದ್ದನ್ನಷ್ಟೇ ಗಮನಿಸಿದ್ದೇವೆ ಎಂದು ಸಮರ್ಥಿಸಿಕೊಂಡರು. ನ್ಯಾಯಾಧೀಶ ಆರನ್ ರಗ್ ಅದನ್ನು ಒಪ್ಪಲಿಲ್ಲ. ಜೂನ್ ಮೊದಲ ವಾರದಲ್ಲಿ ಚಾಪ್ಲಾಕ್ ಅವರನ್ನು ಆ ಮೊಕದ್ದಮೆಯಿಂದಲೇ ತೆಗೆದುಹಾಕಿದರು.

ಈ ಪ್ರಕರಣದಲ್ಲಿ ಬಳಕೆಯಾದದ್ದು ಗೂಢಚಾರ ಸಂಸ್ಥೆಗಳ ಅಪರೂಪದ ತಂತ್ರವೇನಲ್ಲ. ಬಟ್ಟೆ ಅಂಗಡಿ, ಬಸ್ ಟಿಕೆಟ್ ಮಾರುವವರು, ಮನೆ ಸಾಲ ಕೊಡುತ್ತೇವೆನ್ನುವವರು ಕಳಿಸುವ ಜಾಹೀರಾತು ಮೇಲ್‌ಗಳಲ್ಲಿ ದಿನವೂ ಬರುವುದು ಇದೇ. ಇದರ ಹೆಸರು ಟ್ರ್ಯಾಕಿಂಗ್ ಪಿಕ್ಸೆಲ್.

2025ರವರೆಗೆ ಅಂಚೆಯಲ್ಲಿ ರಿಜಿಸ್ಟರ್ಡ್ ಪತ್ರ ಬಂದಾಗ ಪೋಸ್ಟ್‌ಮನ್ ಸಹಿ ಹಾಕಿಸಿಕೊಳ್ಳುತ್ತಿದ್ದ. ಸ್ವೀಕೃತಿಯ ಕಾರ್ಡು ಕಳಿಸಿದವರಿಗೆ ವಾಪಸು ಹೋಗುತ್ತಿತ್ತು. ಆದರೆ ಆ ಸಹಿ ಹಾಕುತ್ತಿದ್ದವರು ನಾವು; ಹಾಕುತ್ತಿದ್ದೇವೆ ಎಂಬುದು ನಮಗೆ ಗೊತ್ತಿರುತ್ತಿತ್ತು, ಬೇಡವಾದರೆ ಪತ್ರವನ್ನೇ ವಾಪಸು ಕಳಿಸಬಹುದಿತ್ತು. ಪಿಕ್ಸೆಲ್ ಕೂಡ ಅಂಥದೇ ಸ್ವೀಕೃತಿಯನ್ನು ಪಡೆಯುತ್ತದೆ, ಕೇಳದೆ. ಅಷ್ಟೇ ಅಲ್ಲ, ಪತ್ರ ಬಂದದ್ದಕ್ಕಲ್ಲ, ಅದನ್ನು ಬಿಚ್ಚಿ ನೋಡಿದ್ದಕ್ಕೆ.

ಇದು ನಡೆಯುವ ಬಗೆ ಸರಳ. ಮೇಲ್‌ನಲ್ಲಿ ಚಿತ್ರಗಳು ಎರಡು ರೀತಿಯಲ್ಲಿ ಬರುತ್ತವೆ. ಒಂದು, ಲಕೋಟೆಯೊಳಗೆ ಫೋಟೋ ಇಟ್ಟು ಕಳಿಸಿದಂತೆ ಚಿತ್ರವೇ ಮೇಲ್‌ನ ಜೊತೆ ಬರುವುದು. ಮದುವೆಯ ಫೋಟೋಗಳನ್ನು ಅಣ್ಣನೋ ಅತ್ತಿಗೆಯೋ ಲಗತ್ತಿಸಿ ಕಳಿಸುವುದು ಹೀಗೆ. ಇನ್ನೊಂದು, ಚಿತ್ರದ ಬದಲು ಅದನ್ನು ಇಟ್ಟಿರುವ ಜಾಗದ ವಿಳಾಸ ಮಾತ್ರ ಬರುವುದು. ಮೇಲ್ ತೆರೆದಾಗ ನಮ್ಮ ಫೋನು ಆ ವಿಳಾಸಕ್ಕೆ ಹೋಗಿ, ಅಲ್ಲಿನ ಸರ್ವರ್‌ನಿಂದ ಚಿತ್ರವನ್ನು ಕೇಳಿ ತರುತ್ತದೆ. ಎರಡನೆಯ ಬಗೆಯ ಚಿತ್ರಗಳನ್ನು ‘ಹೊರಗಿನ ಚಿತ್ರ’ ಎನ್ನಬಹುದು. ಕೇಳುವವರು ಯಾರು ಎಂದು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಗುಟ್ಟು ಅಲ್ಲಿದೆ.

ಒಂದು ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ಹೋಗೋಣ. ಹುಬ್ಬಳ್ಳಿಯ ಸೀರೆ ಅಂಗಡಿಯೊಂದು ಸಂಕ್ರಾಂತಿಯ ದಿನ ತನ್ನ ಗ್ರಾಹಕರಿಗೆಲ್ಲ ರಿಯಾಯಿತಿಯ ಮೇಲ್ ಕಳಿಸಿತು ಎಂದುಕೊಳ್ಳಿ. ಎಲ್ಲರಿಗೂ ಕಾಣುವ ಪತ್ರ ಒಂದೇ. ಅವೇ ಇಳಕಲ್ ಸೀರೆಗಳು, ಅದೇ ಬೆಲೆ. ಆದರೆ ಪ್ರತಿಯೊಬ್ಬರ ಪತ್ರದ ಅಡಿಯಲ್ಲೂ ಕಣ್ಣಿಗೆ ಕಾಣದ ಒಂದು ಸಾಲಿರುತ್ತದೆ. ಶಿವಮೊಗ್ಗದ ಒಬ್ಬ ಗ್ರಾಹಕಿಯ ಪತ್ರದಲ್ಲಿ ಅದು ಹೀಗಿರಬಹುದು:

```
<img src="https://t.example.com/o/7f3a9c41.gif"
     width="1" height="1" alt="">
```

ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರ. ಪಿಕ್ಸೆಲ್ ಎಂದರೆ ಪರದೆಯ ಮೇಲಿನ ಅತಿ ಚಿಕ್ಕ ಚುಕ್ಕಿ. ಅದೂ ಬಣ್ಣವಿಲ್ಲದ ಪಾರದರ್ಶಕ ಚುಕ್ಕಿ; ಇಡೀ ಕಡತದ ತೂಕ ಸಾಮಾನ್ಯವಾಗಿ 43 ಬೈಟ್, ಅಂದರೆ ಇಂಗ್ಲಿಷಿನ ನಲವತ್ತಮೂರು ಅಕ್ಷರಗಳಷ್ಟು. ಅದನ್ನು ನೋಡಲಿ ಎಂದು ಯಾರೂ ಇಟ್ಟಿದ್ದಲ್ಲ. ಮುಖ್ಯವಾದದ್ದು ನಡುವಿನ `7f3a9c41` ಎಂಬ ಗುರುತು. ಆ ಗುರುತನ್ನು ಈ ಗ್ರಾಹಕಿಯೊಬ್ಬರಿಗೇ ಕೊಡಲಾಗಿದೆ. ಪಕ್ಕದ ಮನೆಯವರ ಪತ್ರದಲ್ಲಿ ಬೇರೆ ಗುರುತು. ಯಾವ ಗುರುತು ಯಾರ ಮೇಲ್ ವಿಳಾಸಕ್ಕೆ ಸೇರಿದ್ದು ಎಂಬ ಪಟ್ಟಿ ಕಳಿಸಿದವರ ಹತ್ತಿರ ಇದೆ.

ಗ್ರಾಹಕಿ ದಿನದ ಕೆಲಸವೆಲ್ಲ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಹತ್ತು ಮುಕ್ಕಾಲರ ಸುಮಾರಿಗೆ ಫೋನಿನಲ್ಲಿ ಮೇಲ್ ತೆರೆಯುತ್ತಾರೆ. ಹೊರಗಿನ ಚಿತ್ರಗಳನ್ನು ಫೋನು ತಾನಾಗಿಯೇ ತರುವಂತಿದ್ದರೆ, ಆ ಕ್ಷಣ ಸರ್ವರ್‌ನ ದಾಖಲೆಯಲ್ಲಿ ಇಂಥದೊಂದು ಸಾಲು ಬೀಳುತ್ತದೆ:

```
203.0.113.25 - - [14/Jan/2025:22:41:07 +0530]
"GET /o/7f3a9c41.gif HTTP/1.1" 200 43
"-" "Mozilla/5.0 (Linux; Android 14) ..."
```

ಈ ಸಾಲನ್ನು ಬಿಡಿಸಿ ಓದಿದರೆ ನಾಲ್ಕು ಸಂಗತಿ ಸಿಗುತ್ತವೆ. ಗುರುತಿನಿಂದ ಯಾರು ಎಂಬುದು. ಗಂಟೆ, ನಿಮಿಷ, ಸೆಕೆಂಡಿನ ಸಮೇತ ಯಾವಾಗ ಎಂಬುದು. ಮೊದಲಿಗೆ ಇರುವ ಐಪಿ ವಿಳಾಸದಿಂದ ಯಾವ ಇಂಟರ್ನೆಟ್ ಕಂಪನಿಯ ಸಂಪರ್ಕ, ಸುಮಾರಾಗಿ ಯಾವ ಊರು ಎಂಬುದು. ಕೊನೆಯ ಭಾಗದಿಂದ ಯಾವ ಬಗೆಯ ಫೋನು ಅಥವಾ ಕಂಪ್ಯೂಟರು ಎಂಬುದು. ಊರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಮೊಬೈಲ್ ಇಂಟರ್ನೆಟ್‌ನ ಐಪಿ ವಿಳಾಸವನ್ನು ಒಂದೇ ಕಾಲಕ್ಕೆ ಅನೇಕರು ಹಂಚಿಕೊಂಡಿರುತ್ತಾರೆ, ಅದು ದೊಡ್ಡ ಊರಿನ ಲೆಕ್ಕಕ್ಕೆ ಸೇರಿರುವುದೇ ಹೆಚ್ಚು. ಶಿವಮೊಗ್ಗದವರು ಬೆಂಗಳೂರಿನಲ್ಲಿದ್ದಾರೆಂದು ತೋರಿಸಿದರೆ ಅಚ್ಚರಿಯಿಲ್ಲ. ಮನೆಯ ಅಥವಾ ಕಚೇರಿಯ ವೈಫೈಯಿಂದ ತೆರೆದಾಗ ಗುರಿ ಇನ್ನಷ್ಟು ಹತ್ತಿರಕ್ಕೆ ಬೀಳುತ್ತದೆ.

ಸಿಗದೇ ಇರುವುದೂ ಇದೆ. ಚುಕ್ಕಿಗೆ ಬೇರೆ ಮೇಲ್‌ಗಳನ್ನು ಓದಲು ಬರುವುದಿಲ್ಲ. ಫೋನಿನ ಸಂಪರ್ಕ ಪಟ್ಟಿ, ಫೋಟೋ, ಕ್ಯಾಮೆರಾ ಯಾವುದನ್ನೂ ಅದು ಮುಟ್ಟಲಾರದು. ಅದು ವೈರಸ್ ಅಲ್ಲ. ಕೇಳಿದ್ದನ್ನು ಕೊಟ್ಟು, ಕೇಳಿದವರನ್ನು ಬರೆದುಕೊಳ್ಳುವುದಷ್ಟೇ ಅದರ ಕೆಲಸ.

ಒಂದು ಸಾಲಿನಿಂದ ಹೆಚ್ಚೇನೂ ಆಗದು ಎನ್ನಿಸಬಹುದು. ಸಾಲುಗಳು ಸೇರುತ್ತಾ ಹೋದಂತೆ ಚಿತ್ರ ಬೇರೆಯಾಗುತ್ತದೆ. ಈಕೆ ಮೇಲ್ ನೋಡುವುದು ರಾತ್ರಿ ಹತ್ತರ ಮೇಲೆ. ಭಾನುವಾರ ಬೆಳಿಗ್ಗೆ ಬೇರೆ ಊರಿನ ಸಂಪರ್ಕದಿಂದ. ಒಂದು ಪತ್ರವನ್ನು ಮೂರು ಸಲ ತೆರೆದಿದ್ದಾರೆ, ಅಂದರೆ ಕೊಳ್ಳುವ ಮನಸ್ಸಿದೆ. ಕೇಳದೆಯೇ ಜಾಹೀರಾತು ತುರುಕುವ ಸ್ಪ್ಯಾಮ್ ಮಂದಿಗಂತೂ ಮೊದಲ ಸಾಲೇ ಸಾಕು: ಈ ವಿಳಾಸದಲ್ಲಿ ಮನುಷ್ಯರಿದ್ದಾರೆ, ತೆರೆದು ನೋಡುತ್ತಾರೆ. ಆಮೇಲೆ ಅವರ ಕಾಟ ಹೆಚ್ಚದೆ ಇರುವುದಿಲ್ಲ.

ಇನ್ನು ಅಂಗಡಿಯವರಷ್ಟೇ ನೋಡುತ್ತಾರೆಯೇ ಎಂದರೆ, ಅದೂ ಇಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 900ಕ್ಕೂ ಹೆಚ್ಚು ಕಡೆ ಹೆಸರು ನೋಂದಾಯಿಸಿ, ಬಂದ 12,618 ಮೇಲ್‌ಗಳನ್ನು ಬಿಡಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ ಎಪ್ಪತ್ತು ಮೇಲ್‌ಗಳಲ್ಲಿ ಬೆನ್ನುಹತ್ತುವ ವಸ್ತು ಸಿಕ್ಕಿತು. ನೂರಕ್ಕೆ ಸುಮಾರು ಇಪ್ಪತ್ತೊಂಬತ್ತು ಮೇಲ್‌ಗಳು, ತೆರೆದ ಕೂಡಲೇ ಓದುಗರ ಮೇಲ್ ವಿಳಾಸವನ್ನೇ ಮೂರನೆಯ ಕಂಪನಿಯೊಂದಕ್ಕೆ ದಾಟಿಸುತ್ತಿದ್ದವು. ಎಷ್ಟೋ ಕಡೆ ವಿಳಾಸವನ್ನು ಸಂಕೇತದ ರೂಪಕ್ಕೆ ತಿರುಗಿಸಿ. ಕಳಿಸಿದ ಅಂಗಡಿಯ ಹೆಸರಷ್ಟೇ ಗೊತ್ತಿದ್ದ ಓದುಗನಿಗೆ ಈ ಮೂರನೆಯವರ ಹೆಸರು ಕೂಡ ಗೊತ್ತಿರುವುದಿಲ್ಲ.

ಆದರೆ ಪಿಕ್ಸೆಲ್‌ನ ನಿಜವಾದ ಹರಿತ ಕಾಣುವುದು ಮೇಲ್ ಅನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದಾಗ. ಸಾಮಾನ್ಯವಾಗಿ ಪತ್ರದ ಜೊತೆ ಚುಕ್ಕಿಯೂ, ಅದರ ಗುರುತೂ ಹಾಗೆಯೇ ಹೋಗುತ್ತವೆ. ಸೀರೆಯ ಮೇಲ್ ಅನ್ನು ಗ್ರಾಹಕಿ ಮೈಸೂರಿನ ತಂಗಿಗೆ ಕಳಿಸಿದರು, ತಂಗಿ ಮರುದಿನ ಕಚೇರಿಯ ಕಂಪ್ಯೂಟರಿನಲ್ಲಿ ತೆರೆದರು ಎನ್ನೋಣ. ಸರ್ವರ್‌ನಲ್ಲಿ ಅದೇ `7f3a9c41` ಮತ್ತೆ ಬೀಳುತ್ತದೆ, ಬೇರೆ ಐಪಿಯಿಂದ, ಬೇರೆ ಯಂತ್ರದಿಂದ. ತಂಗಿಯ ಹೆಸರು ತಿಳಿಯದಿರಬಹುದು. ಆದರೆ ಈ ಪತ್ರ ಕೈ ದಾಟಿದೆ, ಇಂಥ ಕಡೆ ಹೋಗಿದೆ ಎಂಬುದು ತಿಳಿಯಿತು. ಸೀರೆಯ ವಿಷಯದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಪತ್ರಕರ್ತನಿಗೆ ಸುದ್ದಿ ಕೊಟ್ಟ ಅಧಿಕಾರಿಯ ವಿಷಯದಲ್ಲಿ?

ಕ್ಯಾಲಿಫೋರ್ನಿಯಾದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 2006ರಲ್ಲಿ ಮಾಡಹೊರಟಿದ್ದು ಇದನ್ನೇ. ಆಡಳಿತ ಮಂಡಳಿಯ ಒಳಗಿನ ಮಾತು ಪತ್ರಿಕೆಗಳಿಗೆ ಹೋಗುತ್ತಿತ್ತು. ಕಂಪನಿಯ ತನಿಖೆಯವರು, ಅಸಮಾಧಾನಗೊಂಡ ಒಬ್ಬ ನೌಕರನ ಸುಳ್ಳು ವೇಷ ಹಾಕಿ, ಸಿನೆಟ್ ಸುದ್ದಿಸಂಸ್ಥೆಯ ವರದಿಗಾರ್ತಿ ಡಾನ್ ಕವಾಮೊಟೊ ಅವರಿಗೆ ಒಳಸುದ್ದಿ ಇರುವಂತೆ ತೋರುವ ಮೇಲ್ ಬರೆದರು. ಅದರಲ್ಲಿ ಪತ್ತೆದಾರಿಯನ್ನು ಅಡಗಿಸಿದ್ದರು. ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತಿದ್ದ ಸೇವೆ ಅದು. ವರದಿಗಾರ್ತಿ ಸುದ್ದಿ ನಿಜವೋ ಎಂದು ಕೇಳಲು ಅದನ್ನು ಆಡಳಿತ ಮಂಡಳಿಯಲ್ಲಿರುವ ತಮ್ಮ ಮೂಲಕ್ಕೆ ಕಳಿಸುತ್ತಾರೆ, ಆತ ತೆರೆದಾಗ ಸಿಕ್ಕಿಬೀಳುತ್ತಾನೆ ಎಂಬುದು ಲೆಕ್ಕಾಚಾರ. ಲೆಕ್ಕ ಫಲಿಸಲಿಲ್ಲ, ಸುದ್ದಿ ಕೊಟ್ಟವರ ಸುಳಿವು ಸಿಕ್ಕಿದ್ದು ಮೋಸದಿಂದ ಪಡೆದ ಫೋನ್ ಕರೆಗಳ ದಾಖಲೆಯಿಂದ. ಹಗರಣ ಹೊರಬಿದ್ದು, ಅಧ್ಯಕ್ಷೆ ಪೆಟ್ರಿಷಿಯಾ ಡನ್ ಆ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕಂಪನಿಯ ತನಿಖಾಧಿಕಾರಿಯೇ ಈ ಪತ್ತೆದಾರಿ ಮೇಲ್‌ಗಳ ಬಗ್ಗೆ ಸಾಕ್ಷ್ಯ ನುಡಿದರು. ಹದಿಮೂರು ವರ್ಷದ ನಂತರ ಸ್ಯಾನ್ ಡಿಯಾಗೋದಲ್ಲಿ ನಡೆದದ್ದೂ ಇದರ ಪುನರಾವರ್ತನೆ.

ಗೆಳೆಯರ ನಡುವೆ, ಸಹೋದ್ಯೋಗಿಗಳ ನಡುವೆಯೂ ಇದು ನುಸುಳಿತು. ಸೂಪರ್‌ಹ್ಯೂಮನ್ ಎಂಬ ದುಬಾರಿ ಮೇಲ್ ಆ್ಯಪ್ ತನ್ನ ಗ್ರಾಹಕರು ಕಳಿಸುವ ಪ್ರತಿ ಪತ್ರಕ್ಕೂ ಚುಕ್ಕಿಯನ್ನು ಅಂಟಿಸುತ್ತಿತ್ತು. ಓದಿದವರು ಯಾವ ರಾಜ್ಯದಲ್ಲಿ, ಯಾವ ದೇಶದಲ್ಲಿ ಕುಳಿತು, ಎಷ್ಟು ಸಲ ತೆರೆದರು ಎಂದು ಕಳಿಸಿದವರಿಗೆ ಕಾಣುತ್ತಿತ್ತು. 2019ರ ಜೂನ್ ಕೊನೆಯಲ್ಲಿ ವಿನ್ಯಾಸಗಾರ ಮೈಕ್ ಡೇವಿಡ್‌ಸನ್ ಇದನ್ನು ಬಯಲಿಗೆಳೆದು ಬರೆದರು: ಹಿಂಬಾಲಿಸುವ ಮಾಜಿ ಪ್ರೇಮಿಯ ಕೈಗೆ ಇದು ಸಿಕ್ಕರೆ ಗತಿಯೇನು ಎಂಬಂಥ ಪ್ರಶ್ನೆ. ಕೆಲವೇ ದಿನಗಳಲ್ಲಿ ಕಂಪನಿಯ ಮುಖ್ಯಸ್ಥ ರಾಹುಲ್ ವೋಹ್ರಾ ಕ್ಷಮೆ ಕೇಳಿ, ಸ್ಥಳ ತೋರಿಸುವುದನ್ನು ಕೈಬಿಟ್ಟರು.

ಇದಕ್ಕೆ ಎದುರಾಗಿ ಬಂದ ರಕ್ಷಣೆ ಮೂರು ಬಗೆಯದು. ಮೂರೂ ಒಂದೇ ಅಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಒಂದರಲ್ಲಿ ಮುಚ್ಚಿದ್ದು ಇನ್ನೊಂದರಲ್ಲಿ ತೆರೆದಿರುತ್ತದೆ.

ಜಿಮೇಲ್ 2013ರ ಡಿಸೆಂಬರಿನಿಂದ ಹೊರಗಿನ ಚಿತ್ರಗಳನ್ನು ತಾನೇ ತಂದು ಕೊಡುತ್ತಿದೆ. ಗ್ರಾಹಕಿ ಮೇಲ್ ತೆರೆದಾಗ ಚಿತ್ರ ಕೇಳಲು ಹೋಗುವುದು ಅವರ ಫೋನಲ್ಲ, ಗೂಗಲ್‌ನ ಯಂತ್ರ. ಸೀರೆ ಅಂಗಡಿಯ ದಾಖಲೆಯಲ್ಲಿ ಗೂಗಲ್‌ನ ಐಪಿ ಬೀಳುತ್ತದೆ, ಯಂತ್ರದ ಜಾಗದಲ್ಲಿ `GoogleImageProxy` ಎಂಬ ಹೆಸರು ಬೀಳುತ್ತದೆ. ಊರು, ಫೋನು ಎರಡೂ ಮುಚ್ಚಿಹೋದವು. ಆದರೆ ಗುರುತು? ಅದು ಚಿತ್ರದ ವಿಳಾಸದಲ್ಲೇ ಇದೆ. ಹೊತ್ತು? ಗೂಗಲ್ ಚಿತ್ರ ಕೇಳುವುದು ಸಾಮಾನ್ಯವಾಗಿ ಓದುಗ ಮೇಲ್ ತೆರೆದಾಗಲೇ. ಹಾಗಾಗಿ ಯಾರು, ಯಾವಾಗ ಎಂಬ ಎರಡು ಸಂಗತಿ ಮೊದಲ ಸಲ ತೆರೆದಾಗಲೇ ಹೊರಟುಹೋಗುತ್ತವೆ. ಜಿಮೇಲ್ ಇದೆ, ಚಿಂತೆಯಿಲ್ಲ ಎಂದುಕೊಂಡವರು ಅರ್ಧ ಮಾತ್ರ ಸುರಕ್ಷಿತರು.

ಆಪಲ್ ಹಿಡಿದ ದಾರಿ ಬೇರೆ. 2021ರ ಸೆಪ್ಟೆಂಬರಿನಲ್ಲಿ ಬಂದ ಐಒಎಸ್ 15ರಲ್ಲಿ, ಐಫೋನಿನ ಮೇಲ್ ಆ್ಯಪ್‌ಗೆ `Protect Mail Activity` ಎಂಬ ಸೌಲಭ್ಯ ಸೇರಿತು. ಅದನ್ನು ಒಪ್ಪಿದರೆ, ಬಂದ ಮೇಲ್‌ನ ಹೊರಗಿನ ಚಿತ್ರಗಳನ್ನೆಲ್ಲ ಫೋನು ಹಿನ್ನೆಲೆಯಲ್ಲಿ, ಓದುಗ ತೆರೆಯಲಿ ಬಿಡಲಿ, ಮೊದಲೇ ತಂದಿಟ್ಟುಕೊಳ್ಳುತ್ತದೆ. ಅದೂ ಐಪಿ ವಿಳಾಸ ಮರೆಯಾಗುವಂತೆ ಎರಡು ಮಧ್ಯವರ್ತಿ ಯಂತ್ರಗಳ ಮೂಲಕ. ಕಳಿಸಿದವರಿಗೆ ಎಲ್ಲರೂ ತೆರೆದಂತೆಯೇ ಕಾಣುತ್ತದೆ. ಯಾರು ನಿಜವಾಗಿ ಓದಿದರು ಎಂಬುದು ಆ ಸುಳ್ಳು ದಾಖಲೆಗಳ ನಡುವೆ ಕರಗಿಹೋಗುತ್ತದೆ. ಮಿತಿಯೆಂದರೆ, ಇದು ಆಪಲ್‌ನ ಮೇಲ್ ಆ್ಯಪ್‌ಗೆ ಮಾತ್ರ. ಅದೇ ಐಫೋನಿನಲ್ಲಿ ಜಿಮೇಲ್ ಆ್ಯಪ್ ಬಳಸುವವರಿಗೆ ಈ ಆಸರೆಯಿಲ್ಲ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ‘ನೀವು ನನ್ನ ಮೇಲ್ ತೆರೆದಿದ್ದೀರಿ, ದಾಖಲೆ ಇದೆ’ ಎಂದು ಯಾರಾದರೂ ಮೇಲಧಿಕಾರಿ ಗದರಿದರೆ ಆ ದಾಖಲೆ ಪುರಾವೆಯಾಗಲಾರದು. ಐಫೋನು ತಾನಾಗಿ ತಂದಿರಬಹುದು. ಕಚೇರಿಯ ಸುರಕ್ಷತಾ ಯಂತ್ರ ಮೇಲ್ ತಪಾಸಣೆ ಮಾಡುವಾಗ ಚಿತ್ರವನ್ನು ಕೇಳಿರಬಹುದು. ದಾಖಲೆ ಇಲ್ಲದ ಮಾತ್ರಕ್ಕೆ ಓದಿಲ್ಲ ಎನ್ನುವಂತೆಯೂ ಇಲ್ಲ. ಚಿತ್ರಗಳನ್ನು ತಡೆದು, ಬರಹವನ್ನಷ್ಟೇ ಓದಿರಬಹುದು.

ಆ ತಡೆಯೇ ಮೂರನೆಯ ದಾರಿ. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ಹೊರಗಿನ ಚಿತ್ರವನ್ನು ತರುವುದೇ ಬೇಡ. ಕೇಳಲು ಯಾರೂ ಹೋಗದಿದ್ದರೆ ಸರ್ವರ್‌ನಲ್ಲಿ ಬರೆಯಲು ಏನೂ ಇರುವುದಿಲ್ಲ. ಥಂಡರ್‌ಬರ್ಡ್ ತಂತ್ರಾಂಶ ಮೊದಲಿನಿಂದಲೇ ಹೀಗೆ ತಡೆದು, ತಡೆದಿದ್ದೇನೆಂದು ಮೇಲಿನ ಪಟ್ಟಿಯಲ್ಲಿ ತಿಳಿಸುತ್ತದೆ. ಜಿಮೇಲ್‌ನಲ್ಲಿ ನಾವೇ ಹೇಳಬೇಕು. ಕಂಪ್ಯೂಟರಿನಲ್ಲಿ `Settings`, ಅಲ್ಲಿಂದ `See all settings`, `General` ಪುಟದಲ್ಲಿ `Images` ಎಂಬ ಸಾಲು. ಅಲ್ಲಿ `Ask before displaying external images` ಆಯ್ದು, ಪುಟದ ಕೊನೆಯ `Save Changes` ಒತ್ತಬೇಕು. ಕೊನೆಯ ಒತ್ತನ್ನು ಮರೆತರೆ ಆಯ್ಕೆ ಉಳಿಯುವುದಿಲ್ಲ. ಹಲವರು ತಪ್ಪುವುದು ಇಲ್ಲೇ. ಆಂಡ್ರಾಯ್ಡ್ ಫೋನಿನ ಜಿಮೇಲ್ ಆ್ಯಪ್‌ನಲ್ಲೂ ಖಾತೆಯ ಸೆಟ್ಟಿಂಗ್‌ನೊಳಗೆ ಇದೇ ಆಯ್ಕೆ ಇದೆ. ಒಬ್ಬರಿಗೆ ಎರಡು ಖಾತೆಗಳಿದ್ದರೆ ಎರಡರಲ್ಲೂ ಮಾಡಬೇಕು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಸುಲಭ. ಮುಂದಿನ ಜಾಹೀರಾತು ಮೇಲ್ ತೆರೆದಾಗ ಸೀರೆಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣಬೇಕು, ಮೇಲೆ `Display images below` ಎಂಬ ಕೊಂಡಿ ಇರಬೇಕು. ಅಣ್ಣ ಲಗತ್ತಿಸಿದ ಮದುವೆ ಫೋಟೋಗಳು ಮಾತ್ರ ಎಂದಿನಂತೆ ಬರುತ್ತವೆ, ಏಕೆಂದರೆ ಅವು ಲಕೋಟೆಯೊಳಗೇ ಇವೆ. ಚುಕ್ಕಿಯನ್ನು ಕಣ್ಣಾರೆ ನೋಡಬೇಕೆಂಬ ಕುತೂಹಲವಿರುವವರು ಕಂಪ್ಯೂಟರಿನ ಜಿಮೇಲ್‌ನಲ್ಲಿ ಮೇಲ್‌ನ ಮೂರು ಚುಕ್ಕಿ ಒತ್ತಿ `Show original` ಆಯ್ದು, ಅಲ್ಲಿ `width="1"` ಅಥವಾ `width=3D"1"` ಎಂದು ಹುಡುಕಬಹುದು. ಎಷ್ಟೋ ಜಾಹೀರಾತು ಮೇಲ್‌ಗಳಲ್ಲಿ ಅಡಿಯ ಹತ್ತಿರ ಸಿಗುತ್ತದೆ. ಸಿಗದಿದ್ದರೆ ಪತ್ರ ಶುದ್ಧ ಎಂದಲ್ಲ. ಬರಹ ಅಲ್ಲಿ ಸಂಕೇತದಲ್ಲಿ ಸುತ್ತಿಟ್ಟಿರಬಹುದು, ಅಥವಾ ಅಂಗಡಿಯ ಲೋಗೊವೇ ಗುರುತು ಹೊತ್ತಿರಬಹುದು. ಗ್ಯಾಲಗರ್ ಮೊಕದ್ದಮೆಯಲ್ಲಿ ಪತ್ತೆದಾರಿ ಅಡಗಿದ್ದದ್ದು ಎಲ್ಲರಿಗೂ ಕಾಣುವ ಹದ್ದಿನಲ್ಲಿ.

ಇದಕ್ಕೂ ಸೋರುವ ಜಾಗಗಳಿವೆ. ಸೀರೆ ನೋಡುವ ಆಸೆಗೆ `Display images below` ಒತ್ತಿದರೆ ಸೀರೆಯ ಜೊತೆ ಚುಕ್ಕಿಯೂ ಬರುತ್ತದೆ. ಬೇಕಾದ ಚಿತ್ರ ಇದು, ಬೇಡದ್ದು ಅದು ಎಂದು ಜಿಮೇಲ್ ಬೇರ್ಪಡಿಸಿ ಕೊಡುವುದಿಲ್ಲ. ಪ್ರೋಟಾನ್ ಮೇಲ್, ಹೇ ಮುಂತಾದ ಕೆಲವು ಸೇವೆಗಳು ಗೊತ್ತಿರುವ ಪಿಕ್ಸೆಲ್‌ಗಳನ್ನು ಹೆಕ್ಕಿ ತೆಗೆದು ಉಳಿದ ಚಿತ್ರಗಳನ್ನು ತೋರಿಸುತ್ತವೆ, ಆದರೆ ಹೊಸದಾಗಿ ಹುಟ್ಟಿದ್ದು ಅವುಗಳ ಪಟ್ಟಿಯಲ್ಲಿ ಇರುವುದಿಲ್ಲ. ಇನ್ನು ಮೇಲ್‌ನಲ್ಲಿರುವ ಕೊಂಡಿಗಳು. ‘ಇಲ್ಲಿ ಕೊಳ್ಳಿ’ ಎಂಬುದನ್ನು ಒತ್ತಿದರೆ ಅಂಗಡಿಗೆ ಹೋಗುವ ಮುನ್ನ ಗುರುತು ಎಣಿಸುವ ಸರ್ವರ್‌ನ ಮೂಲಕ ಹಾದುಹೋಗುತ್ತೇವೆ. ಆಗ ಚಿತ್ರಗಳ ತಡೆ ಏನೂ ಮಾಡಲಾರದು. ಚಂದಾ ರದ್ದು ಮಾಡುವ ಕೊಂಡಿಯೂ ಇದಕ್ಕೆ ಹೊರತಲ್ಲ. ಪರಿಚಯದ ಅಂಗಡಿಗಾದರೆ ರದ್ದು ಮಾಡುವುದೇ ಸರಿ. ಎಂದೂ ಕೇಳದ ಹೆಸರಿನಿಂದ ಬಂದ ಮೇಲ್‌ನಲ್ಲಿ ಅದನ್ನು ಒತ್ತುವುದಕ್ಕಿಂತ ಸ್ಪ್ಯಾಮ್ ಎಂದು ಗುರುತು ಹಾಕುವುದು ಮೇಲು.

ತಡೆ ಹಿಂದಕ್ಕೆ ಕೆಲಸ ಮಾಡುವುದಿಲ್ಲ. ನಿನ್ನೆ ತೆರೆದ ಮೇಲ್‌ನ ಸುದ್ದಿ ನಿನ್ನೆಯೇ ಹೋಗಿದೆ. ನಮ್ಮ ತಡೆ ನಾವು ಫಾರ್ವರ್ಡ್ ಮಾಡಿದವರನ್ನೂ ಕಾಯುವುದಿಲ್ಲ. ಅವರ ಫೋನಿನಲ್ಲಿ ಚಿತ್ರ ಬಂದರೆ ದಾಖಲೆಯಲ್ಲಿ ಮೂಡುವುದು ನಮ್ಮದೇ ಗುರುತು. ಆದ್ದರಿಂದ ಸೂಕ್ಷ್ಮವಾದ ವಿಷಯದ ಮೇಲ್ ಅನ್ನು, ಅದರಲ್ಲೂ ಹೆಸರು ಹೇಳಬಾರದವರಿಗೆ ಕಳಿಸುವುದಿದ್ದರೆ, ಫಾರ್ವರ್ಡ್ ಒತ್ತಬೇಡಿ. ಬೇಕಾದ ಬರಹವನ್ನಷ್ಟೇ ನಕಲು ಮಾಡಿ, ಚಿತ್ರವಿಲ್ಲದ ಬರಿಯ ಅಕ್ಷರಗಳಾಗಿ ಹೊಸ ಮೇಲ್‌ನಲ್ಲಿ ಅಂಟಿಸಿ ಕಳಿಸಿ.